ಜಿಪಿಎ ಕೈಯಲ್ಲಿದ್ದರೆ ಸೈಟ್ ನಮ್ಮದಾಯ್ತಾ?

ಬೆಂಗಳೂರು ದಕ್ಷಿಣದ ಉತ್ತರಹಳ್ಳಿ ಹೋಬಳಿಯ ಚುಂಚಘಟ್ಟದಲ್ಲಿ ಒಂದು ಸೈಟ್. ಅಳತೆ 30×40. 1986ರ ಏಪ್ರಿಲ್ 4ರಂದು ಅದರ ಮಾಲೀಕರು ಒಬ್ಬ ಮಹಿಳೆಗೆ ಎರಡು ಕಾಗದ ಬರೆದುಕೊಟ್ಟರು. ಒಂದು, ಕ್ರಯದ ಕರಾರು ಪತ್ರ. ಇನ್ನೊಂದು, ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಾವೆಲ್ಲ ಜಿಪಿಎ ಅನ್ನುವ ಪತ್ರ. ಮಾತಾದ ಬೆಲೆ 10,250 ರೂಪಾಯಿ. ಕರಾರು ರಿಜಿಸ್ಟರ್ ಆಗಲಿಲ್ಲ. ಜಿಪಿಎಯಲ್ಲಿ ಮಾತ್ರ 'ಇದನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ' ಎಂಬ ಗಟ್ಟಿ ಮಾತಿತ್ತು.

1997ರ ಜನವರಿ 30ರಂದು ಮಾಲೀಕರು ತೀರಿಕೊಂಡರು. 14 ತಿಂಗಳ ನಂತರ, 1998ರ ಏಪ್ರಿಲ್ 1ರಂದು, ಆ ಮಹಿಳೆ ಅದೇ ಹಳೇ ಜಿಪಿಎ ಬಳಸಿ ಸೈಟನ್ನು ತಮ್ಮ ಮಗನ ಹೆಸರಿಗೆ 84,000 ರೂಪಾಯಿಗೆ ಕ್ರಯ ಮಾಡಿಕೊಟ್ಟರು. ಈ ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರಿಯಾಗಿಯೇ ರಿಜಿಸ್ಟರ್ ಆಯಿತು. ಐದು ವರ್ಷ ಕಳೆದ ಮೇಲೆ, 2003ರಲ್ಲಿ, ತೀರಿಕೊಂಡ ಮಾಲೀಕರ ವಾರಸುದಾರರು ಅದೇ ಸೈಟನ್ನು ಬೇರೆಯವರಿಗೆ ಮಾರಿದರು. ಅವರಿಂದ ಇನ್ನೊಬ್ಬರು ಕೊಂಡರು. ಕೊಂಡವರು 2004ರಲ್ಲಿ ತಮ್ಮ ಮಗಳಿಗೆ ದಾನಪತ್ರ ಮಾಡಿಕೊಟ್ಟರು.

ಒಂದೇ ಸೈಟಿಗೆ ಎರಡು ಸಾಲು ದಾಖಲೆ. ಎರಡರಲ್ಲೂ ರಿಜಿಸ್ಟರ್ ಆದ ಪತ್ರಗಳಿವೆ. ಕೆಳಗಿನ ಕೋರ್ಟಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಕೇಸ್ ಹೋಯಿತು. 2025ರ ಫೆಬ್ರವರಿ 27ರಂದು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ತೀರ್ಪು ಕೊಟ್ಟಿತು. ಸೋತದ್ದು ಜಿಪಿಎ ಕಡೆಯವರು.

ಕಾಗದ ಮೊದಲು ಮಾಡಿಸಿಕೊಂಡವರು ಅವರೇ. ಕ್ರಯಪತ್ರ ಮೊದಲು ರಿಜಿಸ್ಟರ್ ಮಾಡಿಸಿದವರೂ ಅವರೇ. ಆದರೂ ಯಾಕೆ ಸೋತರು? ಇದು ಅರ್ಥವಾದರೆ ಜಿಪಿಎ ವ್ಯವಹಾರದ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಮೊದಲು ಜಿಪಿಎ ಅಂದರೆ ಏನು ಅನ್ನೋದು. ಹಳಬರು ಇದನ್ನು ಮುಖ್ತ್ಯಾರ್ ಪತ್ರ ಅನ್ನುತ್ತಿದ್ದರು. ಒಬ್ಬರು ತಮ್ಮ ಬದಲಿಗೆ ಕೆಲಸ ಮಾಡಲು, ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಅದು. ಪತ್ರದ ಭಾಷೆಯನ್ನೇ ನೋಡಿ: 'ನಾನು ಖುದ್ದಾಗಿ ಹಾಜರಿದ್ದು ಮಾಡಬಹುದಾದ ಕೆಲಸಗಳನ್ನು ನನ್ನ ಪರವಾಗಿ, ನನ್ನ ಹೆಸರಿನಲ್ಲಿ ಮಾಡತಕ್ಕದ್ದು' ಎಂಬಂಥ ಸಾಲು ಬಹುತೇಕ ಎಲ್ಲ ಜಿಪಿಎಯಲ್ಲೂ ಇರುತ್ತದೆ. 'ನನ್ನ ಪರವಾಗಿ' ಅನ್ನುವ ಆ ಒಂದು ಪದದ ಮೇಲೇ ಎಲ್ಲ ನಿಂತಿದೆ. ಅಧಿಕಾರ ಪಡೆದವರು ಏಜೆಂಟ್ ಅಷ್ಟೇ. ಅವರು ಹಾಕುವ ಸಹಿ ಮಾಲೀಕರ ಸಹಿ. ಅವರ ಕೈಗೆ ಬಂದ ದುಡ್ಡು ಮಾಲೀಕರ ದುಡ್ಡು, ಅದಕ್ಕೆ ಅವರು ಲೆಕ್ಕ ಕೊಡಬೇಕು. ಜಮೀನು ಆಗಲೂ ಮಾಲೀಕರದ್ದೇ.

ಹಾಗಾಗಿ ಯಾರಾದರೂ 'ಈ ಸೈಟ್ ಜಿಪಿಎ ಮೇಲೆ ತಗೊಂಡಿದ್ದೀನಿ' ಅಂದರೆ, ಕಾನೂನಿನ ಕಣ್ಣಲ್ಲಿ ಅವರು ಹೇಳಿದ್ದು ಇಷ್ಟು: 'ಬೇರೆಯವರ ಸೈಟನ್ನು ಅವರ ಪರವಾಗಿ ನೋಡಿಕೊಳ್ಳಲು ನಾನು ದುಡ್ಡು ಕೊಟ್ಟಿದ್ದೀನಿ.' ಕೇಳೋಕೆ ತಮಾಷೆ, ಆದರೆ ಸ್ಥಿತಿ ಇರುವುದು ಹಾಗೆಯೇ.

ಇನ್ನು ಜೊತೆಗಿರುವ ಕರಾರು ಪತ್ರ. ಅದರಲ್ಲಿ ಪೂರ್ತಿ ಹಣ ಸಂದಾಯವಾಗಿದೆ, ಸ್ವಾಧೀನ ಕೊಟ್ಟಾಗಿದೆ ಅಂತೆಲ್ಲ ಬರೆದಿರುತ್ತಾರೆ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಇಲ್ಲಿ ಖಡಾಖಂಡಿತವಾಗಿದೆ. ಮಾರುವ ಕರಾರು ಅನ್ನೋದು ಮುಂದೆ ಮಾರುತ್ತೇನೆ ಅನ್ನುವ ಮಾತು. ಆ ಕರಾರಿನಿಂದಷ್ಟೇ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿ ಕೈ ಬದಲಾಗಬೇಕಾದರೆ ರಿಜಿಸ್ಟರ್ ಆದ ಕ್ರಯಪತ್ರವೇ ಬೇಕು. ಕರಾರು ನಿಮಗೆ ಕೊಡುವುದು ಬೇರೆ ಥರದ ಹಕ್ಕು. ಎದುರಿನವರು ಮಾತಿಗೆ ತಪ್ಪಿದರೆ 'ಕ್ರಯಪತ್ರ ಮಾಡಿಕೊಡಿ' ಅಂತ ಕೋರ್ಟಿಗೆ ಹೋಗುವ ಹಕ್ಕು. ಅದಕ್ಕೂ ಮೂರು ವರ್ಷದ ಗಡುವಿದೆ. ಕರಾರಿನಲ್ಲಿ ತಾರೀಖು ಹಾಕಿದ್ದರೆ ಆ ತಾರೀಖಿನಿಂದ, ಇಲ್ಲದಿದ್ದರೆ ಮಾಲೀಕರು ಒಲ್ಲೆ ಅಂದದ್ದು ಗೊತ್ತಾದ ದಿನದಿಂದ.

ಚುಂಚಘಟ್ಟದ ಕೇಸಲ್ಲಿ ಇರಲಿಲ್ಲ, ಆದರೆ ಇಂಥ ಕಟ್ಟುಗಳಲ್ಲಿ ಮೂರನೇ ಕಾಗದವೂ ಒಂದಿರುತ್ತದೆ, ವಿಲ್. 'ನಾನು ತೀರಿಕೊಂಡರೆ ಈ ಸೈಟ್ ಇವರಿಗೆ' ಅಂತ ಮಾಲೀಕರು ಕೊಂಡವರ ಹೆಸರಿಗೆ ಉಯಿಲು ಬರೆದಿರುತ್ತಾರೆ. ಜಾಣತನ ಅನ್ನಿಸುತ್ತೆ, ಅಲ್ವಾ? ಆದರೆ ಉಯಿಲು ಬರೆದವರು ಬದುಕಿರುವಷ್ಟು ದಿನ ಅದಕ್ಕೆ ಜೀವವೇ ಇರುವುದಿಲ್ಲ. ನಾಳೆ ಬೆಳಿಗ್ಗೆ ಅವರು ಅದನ್ನು ರದ್ದು ಮಾಡಬಹುದು, ಮನಸ್ಸು ಬದಲಾಯಿಸಿ ಹೊಸದು ಬರೆಯಬಹುದು. ಯಾರೂ ತಡೆಯುವಂತಿಲ್ಲ.

ಈ ಮೂರು ಕಾಗದ ಒಂದೊಂದೂ ತನ್ನ ಕೆಲಸಕ್ಕೆ ಸರಿಯಾದದ್ದೇ. ಮೂರನ್ನೂ ಸೇರಿಸಿ ಪಿನ್ ಹೊಡೆದರೆ ಕ್ರಯಪತ್ರ ಆಗುತ್ತದೆ ಅಂದುಕೊಂಡದ್ದೇ ತಪ್ಪು. 2011ರ ಅಕ್ಟೋಬರ್ 11ರಂದು 'ಸೂರಜ್ ಲ್ಯಾಂಪ್' ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಹರಿಯಾಣದಿಂದ ಬಂದ ಕೇಸ್ ಅದು. ಪೀಠದ ಮುಂದಾಳು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ಮೊದಲು ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನ್ಯಾಯಮೂರ್ತಿಗಳಾಗಿದ್ದವರು. ಅದಕ್ಕೂ ಹತ್ತು ವರ್ಷ ಮುಂಚೆ ದೆಹಲಿ ಹೈಕೋರ್ಟ್ ಇಂಥ ವ್ಯವಹಾರಕ್ಕೆ ಒಂದು ಮಟ್ಟದ ಮಾನ್ಯತೆ ಕೊಟ್ಟಿತ್ತು. ಸೂರಜ್ ಲ್ಯಾಂಪ್ ತೀರ್ಪು ಅದನ್ನು ತಳ್ಳಿಹಾಕಿತು. ಜಿಪಿಎ, ಕರಾರು, ವಿಲ್ ಸೇರಿಸಿ ಮಾಡುವ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ, ಇವನ್ನು ಮುಗಿದುಹೋದ ಕ್ರಯ ಅಂತ ಪರಿಗಣಿಸಬಾರದು, ಇದರ ಆಧಾರದ ಮೇಲೆ ಪಾಲಿಕೆ ಮತ್ತು ಕಂದಾಯ ದಾಖಲೆಗಳಲ್ಲಿ ಹೆಸರು ಬದಲಿಸಬಾರದು ಅಂತ ಹೇಳಿತು. ಇದೇನು ಹೊಸ ಕಾನೂನಲ್ಲ, ಮೊದಲಿನಿಂದಲೂ ಇದ್ದದ್ದೇ ಅಂತಲೂ ಸ್ಪಷ್ಟಪಡಿಸಿತು. ಆದ್ದರಿಂದ '2011ಕ್ಕಿಂತ ಮುಂಚಿನ ಜಿಪಿಎ ನಡೆಯುತ್ತೆ' ಅಂತ ಬ್ರೋಕರ್ ಹೇಳಿದರೆ ನಂಬಬೇಡಿ. ಚುಂಚಘಟ್ಟದ ಪತ್ರ 1986ರದ್ದು.

ಈಗ ಆ ಸೈಟಿಗೆ ವಾಪಸ್ ಬರೋಣ. ಎಲ್ಲ ಇರುವುದು ತಾರೀಖುಗಳಲ್ಲಿ.

1986ರಿಂದ 1997ರವರೆಗೆ, ಅಂದರೆ ಹತ್ತಿರ ಹತ್ತಿರ 11 ವರ್ಷ ಮಾಲೀಕರು ಬದುಕಿದ್ದರು. ಜಿಪಿಎಯಲ್ಲಿ ಮಾರುವ ಅಧಿಕಾರವಿದ್ದು, ಆ 11 ವರ್ಷದಲ್ಲಿ ಯಾವತ್ತಾದರೂ ಕ್ರಯಪತ್ರ ರಿಜಿಸ್ಟರ್ ಆಗಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಏಜೆಂಟ್ ಹಾಕಿದ ಸಹಿ ಮಾಲೀಕರ ಸಹಿಯೇ ಆಗಿರುತ್ತಿತ್ತು, ಹಕ್ಕು ದಾಟಿ ಹೋಗುತ್ತಿತ್ತು. ನೆನಪಿಡಿ, ಜಿಪಿಎ ಮೂಲಕ ಮಾಡಿದ ಕ್ರಯಪತ್ರ ತಪ್ಪಲ್ಲ. ಜಿಪಿಎಯನ್ನೇ ಕ್ರಯಪತ್ರ ಅಂದುಕೊಳ್ಳುವುದು ತಪ್ಪು. ಇವೆರಡನ್ನೂ ಕಲಸಿಕೊಂಡು ಒದ್ದಾಡುವವರೇ ಜಾಸ್ತಿ.

ಮಾಲೀಕರು ತೀರಿಕೊಂಡ ದಿನ ಏನಾಯಿತು? 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೆ ಏಜೆಂಟರ ಅಧಿಕಾರವೂ ಮುಗಿಯುತ್ತದೆ. ಇದರಲ್ಲಿ ಗೂಢವೇನೂ ಇಲ್ಲ. ಇಲ್ಲದವರ ಪರವಾಗಿ ಸಹಿ ಹಾಕುವುದು ಹೇಗೆ? ಆ ಗಳಿಗೆಯಿಂದ ಸೈಟ್ ವಾರಸುದಾರರದ್ದು. ಅವರು ಯಾರಿಗೂ ಅಧಿಕಾರ ಕೊಟ್ಟಿಲ್ಲ. 1998ರ ಕ್ರಯಪತ್ರಕ್ಕೆ ಬಿದ್ದ ಸಹಿ, ಲೋಕದಲ್ಲೇ ಇಲ್ಲದ ಒಬ್ಬರ ಪರವಾಗಿ ಬಿದ್ದ ಸಹಿ. ತನ್ನ ಬಳಿ ಇಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡಲಾಗದು. ರಿಜಿಸ್ಟ್ರೇಷನ್ ಆಗಿದೆ ಅನ್ನೋದು ಅದನ್ನು ಸರಿ ಮಾಡುವುದಿಲ್ಲ. ಪತ್ರ ಬರೆದದ್ದು ನಿಜ ಅನ್ನುವುದಕ್ಕೆ ರಿಜಿಸ್ಟ್ರೇಷನ್ ಸಾಕ್ಷಿ. ಬರೆದವರಿಗೆ ಹಕ್ಕಿತ್ತು ಅನ್ನುವುದಕ್ಕೆ ಅಲ್ಲ.

ಸೋತವರ ವಾದ ಸುಮ್ನೆ ತಳ್ಳಿಹಾಕುವಂಥದ್ದೇನಲ್ಲ. ಅದೇ ಕಾಯ್ದೆಯ 202ನೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಯಾವ ಆಸ್ತಿಯ ಬಗ್ಗೆ ಅಧಿಕಾರ ಕೊಟ್ಟಿದ್ದಾರೋ ಅದರಲ್ಲಿ ಏಜೆಂಟರಿಗೇ ಸ್ವಂತ ಹಿತ ಇದ್ದರೆ, ಆ ಹಿತಕ್ಕೆ ಧಕ್ಕೆಯಾಗುವ ಹಾಗೆ ಅಧಿಕಾರವನ್ನು ಮುಗಿಸುವಂತಿಲ್ಲ. ಕಾಯ್ದೆಯೇ ಉದಾಹರಣೆ ಕೊಡುತ್ತದೆ. ನೀವು ಒಬ್ಬರಿಂದ ಸಾಲ ತಗೊಂಡಿದ್ದೀರಿ. 'ನನ್ನ ಜಮೀನು ಮಾರಿ, ಬಂದ ದುಡ್ಡಲ್ಲಿ ನಿಮ್ಮ ಸಾಲ ಮುರಿದುಕೊಳ್ಳಿ' ಅಂತ ಸಾಲ ಕೊಟ್ಟವರಿಗೇ ಅಧಿಕಾರ ಬರೆದುಕೊಡುತ್ತೀರಿ. ಆಮೇಲೆ ನೀವು ಮನಸ್ಸು ಬದಲಾಯಿಸಿದರೂ, ತೀರಿಕೊಂಡರೂ ಆ ಅಧಿಕಾರ ಉಳಿಯುತ್ತದೆ. ಯಾಕಂದರೆ ಅದು ನಿಮ್ಮ ಅನುಕೂಲಕ್ಕೆ ಕೊಟ್ಟದ್ದಲ್ಲ, ಅವರ ಸಾಲಕ್ಕೆ ಭದ್ರತೆಯಾಗಿ ಕೊಟ್ಟದ್ದು.

ಚುಂಚಘಟ್ಟದವರು ಹೇಳಿದ್ದೂ ಇದನ್ನೇ. ಒಂದೇ ದಿನ, ಒಬ್ಬರಿಗೇ, ದುಡ್ಡು ಪಡೆದು ಕರಾರನ್ನೂ ಜಿಪಿಎಯನ್ನೂ ಕೊಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ಓದಿ. ಜಿಪಿಎ ಪಡೆದವರಿಗೆ ಸೈಟಿನಲ್ಲಿ ಹಿತ ಇದ್ದದ್ದರಿಂದಲೇ ತಾನೇ ಪತ್ರ ಕೊಟ್ಟದ್ದು? ವಾಪಸ್ ತೆಗೆದುಕೊಳ್ಳುವಂತಿಲ್ಲ ಅಂತ ಬೇರೆ ಬರೆದಿದೆ.

ಕೋರ್ಟ್ ಒಪ್ಪಲಿಲ್ಲ. ಪತ್ರದ ತಲೆಬರಹದಲ್ಲಿ ಏನಿದೆ, 'ವಾಪಸ್ ಪಡೆಯಲಾಗದು' ಅನ್ನುವ ಪದ ಇದೆಯೋ ಇಲ್ಲವೋ ಅನ್ನುವುದು ಮುಖ್ಯವಲ್ಲ, ಒಳಗಿನ ಒಕ್ಕಣೆ ನೋಡಬೇಕು ಅಂದಿತು. ಒಳಗೆ ನೋಡಿದರೆ ಅದು ಆಸ್ತಿಯ ವ್ಯವಹಾರ ನೋಡಿಕೊಳ್ಳಲು ಕೊಟ್ಟ ಮಾಮೂಲಿ ಅಧಿಕಾರ. ಏಜೆಂಟರ ಯಾವುದೋ ಹಿತ ಕಾಪಾಡಲು ಇದನ್ನು ಕೊಟ್ಟಿದೆ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಸರಿ, ಕರಾರಿನ ಜೊತೆ ಸೇರಿಸಿಯೇ ಓದೋಣ ಅಂದರೆ ಇನ್ನೊಂದು ಗಂಟು. ಕರಾರಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಅಂತ 54ನೇ ಕಲಂ ಹೇಳಿದೆ. ಎರಡೂ ಸೇರಿ ಹಕ್ಕು ಹುಟ್ಟಿತು ಅನ್ನುವುದಾದರೆ, ಸ್ಥಿರಾಸ್ತಿಯಲ್ಲಿ ಹಕ್ಕು ಹುಟ್ಟಿಸುವ ಪತ್ರ ರಿಜಿಸ್ಟರ್ ಆಗಿರಲೇಬೇಕು. ಆಗಿರಲಿಲ್ಲ. ಹೇಗೆ ತಿರುಗಿಸಿದರೂ ವಾದ ಅಲ್ಲೇ ಬಂದು ನಿಲ್ಲುತ್ತಿತ್ತು.

ನನಗೆ ಕೇಳಿದರೆ ಈ ತೀರ್ಪು ಕಾನೂನಿನ ಲೆಕ್ಕದಲ್ಲಿ ಸರಿ, ಮನಸ್ಸಿಗೆ ಮಾತ್ರ ಸ್ವಲ್ಪ ಕಷ್ಟ. 1986ರಲ್ಲಿ 10,250 ರೂಪಾಯಿ ಒಟ್ಟುಮಾಡಿ ಸೈಟ್ ಹಿಡಿದವರಿಗೆ ಅದು ಚಿಲ್ಲರೆ ದುಡ್ಡಾಗಿರಲಿಕ್ಕಿಲ್ಲ. ಆದರೆ ಎದುರು ಕಡೆ ಇದ್ದವರೂ ದುಡ್ಡು ಕೊಟ್ಟು ಕೊಂಡವರೇ ಅನ್ನೋದನ್ನೂ ಮರೆಯುವಂತಿಲ್ಲ.

ಕೋರ್ಟುಗಳ ಹುಷಾರಿಗೆ ದೊಡ್ಡ ಕಾರಣ ಇಲ್ಲೇ ಇದೆ. ರಿಜಿಸ್ಟ್ರೇಷನ್ ಅನ್ನುವ ಪದ್ಧತಿ ಇರುವುದು ನಿಮಗೆ, ನನಗೆ, ಆಸ್ತಿ ಕೊಳ್ಳಲು ಹೊರಟ ಮೂರನೆಯವರಿಗೆ. ಇಸಿ, ಅಂದರೆ ಋಣಭಾರ ಪತ್ರ ತೆಗೆಸಿದರೆ ಯಾರು ಯಾರಿಗೆ ಮಾರಿದರು, ಯಾವ ಬ್ಯಾಂಕಿಗೆ ಅಡಮಾನ ಇಟ್ಟರು ಅಂತ ಕಾಣಬೇಕು. ರಿಜಿಸ್ಟರ್ ಆಗದ ಜಿಪಿಎ, ಕರಾರುಗಳು ಇಸಿಯಲ್ಲಿ ಬರುವುದಿಲ್ಲ. ಒಂದೇ ಸೈಟಿಗೆ ಒಬ್ಬರು ಮೂವರಿಗೆ ಜಿಪಿಎ ಬರೆದುಕೊಟ್ಟರೂ ಇಸಿ ಖಾಲಿಯಾಗಿಯೇ ಇರುತ್ತದೆ. ಜಿಪಿಎಯಿಂದಲೂ ಮಾಲೀಕತ್ವ ದಾಟುತ್ತದೆ ಅಂತ ಕೋರ್ಟ್ ಒಪ್ಪಿದ ದಿನ, ಇಸಿ ಅನ್ನುವ ಕಾಗದಕ್ಕೆ ಬೆಲೆ ಉಳಿಯುವುದಿಲ್ಲ.

ಜೊತೆಗೆ ಜನ ಜಿಪಿಎ ದಾರಿ ಹಿಡಿಯುವುದು ಯಾಕೆ ಅನ್ನೋದೂ ಕೋರ್ಟಿಗೆ ಗೊತ್ತು. ಸೂರಜ್ ಲ್ಯಾಂಪ್ ತೀರ್ಪು ಅದನ್ನು ಬಿಚ್ಚಿಯೇ ಹೇಳಿದೆ: ಮುದ್ರಾಂಕ ಶುಲ್ಕ ಉಳಿಸಲು, ಲೆಕ್ಕಕ್ಕಿಲ್ಲದ ದುಡ್ಡು ಹೂಡಲು, ಮಾರಬಾರದ ಆಸ್ತಿಯನ್ನು ಮಾರಲು. ನಮ್ಮಲ್ಲಿ ಮೂರನೆಯದಕ್ಕೆ ಉದಾಹರಣೆ ಬೇಕಾದಷ್ಟಿವೆ. ಹತ್ತು ವರ್ಷ ಪರಭಾರೆ ಮಾಡಬಾರದು ಅನ್ನುವ ಷರತ್ತಿನ ಮೇಲೆ ಪ್ರಾಧಿಕಾರ ಕೊಟ್ಟ ಸೈಟುಗಳು. 2020ರವರೆಗೆ ಕೃಷಿಕರಲ್ಲದವರು ಕೊಳ್ಳುವಂತಿರದ ಕೃಷಿ ಜಮೀನು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ, ಅನುಮತಿ ಇಲ್ಲದೆ ಮಾರುವಂತಿಲ್ಲದ ಜಮೀನು. 'ಸದ್ಯಕ್ಕೆ ರಿಜಿಸ್ಟರ್ ಆಗಲ್ಲ ಸಾರ್, ಜಿಪಿಎ ಮಾಡಿಕೊಡ್ತೀವಿ' ಅನ್ನುವ ಮಾತಿನ ಹಿಂದೆ ಹೆಚ್ಚಾಗಿ ಇಂಥದ್ದೊಂದು ಅಡ್ಡಿ ಇರುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ, ಯಾಕೆ ಆಗಲ್ಲ?

ಹಾಗಂತ ಜಿಪಿಎ ಅಂದ ಕೂಡಲೇ ಓಡಬೇಕಿಲ್ಲ. ಮಗ ಅಮೆರಿಕದಲ್ಲಿದ್ದಾನೆ, ದಾವಣಗೆರೆಯ ಮನೆ ಮಾರಬೇಕು, ಅಪ್ಪನಿಗೆ ಜಿಪಿಎ ಕಳಿಸುತ್ತಾನೆ ಅಂದುಕೊಳ್ಳಿ. ಇದು ಜಿಪಿಎ ಇರುವುದೇ ಇಂಥದ್ದಕ್ಕೆ ಅನ್ನುವ ಹಾಗಿನ ಬಳಕೆ. ಗಂಡ, ಹೆಂಡತಿ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿಯರಿಗೆ ನಿಜವಾದ ಅಗತ್ಯಕ್ಕೆ ಕೊಡುವ ಜಿಪಿಎಗೆ ತನ್ನ ತೀರ್ಪಿನಿಂದ ತೊಂದರೆ ಇಲ್ಲ ಅಂತ ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿದೆ. ಬಿಲ್ಡರಿಗೆ ಅಭಿವೃದ್ಧಿ ಕರಾರಿನ ಜೊತೆ ಕೊಡುವ ಜಿಪಿಎಗೂ ಅದೇ ಮಾತು. ಕರ್ನಾಟಕದ ಮುದ್ರಾಂಕ ಕಾಯ್ದೆಯೂ ಹತ್ತಿರದ ಸಂಬಂಧಿಕರಿಗೆ ಕೊಡುವ ಜಿಪಿಎಯನ್ನು ಬೇರೆಯಾಗಿ ನೋಡುತ್ತದೆ. ಹಣ ಪಡೆದು ಹೊರಗಿನವರಿಗೆ ಮಾರುವ ಅಧಿಕಾರ ಕೊಟ್ಟರೆ ಕ್ರಯಪತ್ರದಷ್ಟೇ ಶುಲ್ಕ ಕೇಳುತ್ತದೆ. ಅಲ್ಲಿಗೆ ಶುಲ್ಕ ಉಳಿಸುವ ಆಸೆಯೂ ಹೋಯಿತು.

ದಾವಣಗೆರೆಯ ಆ ಮನೆ ಕೊಳ್ಳುವವರು ನೀವಾದರೆ ಮೊದಲು ಜಿಪಿಎಯನ್ನು ಒಂದೊಂದೇ ಸಾಲು ಓದಿ. ಕೋರ್ಟುಗಳು ಈ ಪತ್ರವನ್ನು ಬಿಗಿಯಾಗಿಯೇ ಓದುತ್ತವೆ. ಬರೆದಷ್ಟೇ ಅಧಿಕಾರ, ಬರೆಯದ್ದು ಇಲ್ಲ. ಕೇರಳದ ಒಂದು ಕೇಸಲ್ಲಿ ಒಬ್ಬ ಮಹಿಳೆ 1971ರಲ್ಲಿ ತಮ್ಮ ಸಹೋದರಿಗೆ ಜಿಪಿಎ ಕೊಟ್ಟಿದ್ದರು. ಬಾಡಿಗೆಗೆ ಕೊಡಬಹುದು, ಅಡ ಇಡಬಹುದು, ಪತ್ರ ರಿಜಿಸ್ಟರ್ ಮಾಡಿಸಬಹುದು ಅಂತೆಲ್ಲ ಇತ್ತು. ಮಾರಬಹುದು ಅಂತ ಇರಲಿಲ್ಲ. ಸಹೋದರಿ ಮಾರಿಬಿಟ್ಟರು. 2022ರಲ್ಲಿ ಸುಪ್ರೀಂ ಕೋರ್ಟ್ ಆ ಮಾರಾಟವನ್ನು ಒಪ್ಪಲಿಲ್ಲ. ರಿಜಿಸ್ಟರ್ ಮಾಡಿಸುವ ಅಧಿಕಾರ ಇದೆ ಅಂದ ಮಾತ್ರಕ್ಕೆ ಮಾರುವ ಅಧಿಕಾರವೂ ಇದೆ ಅಂತಲ್ಲ ಅಂದಿತು. ಜಿಪಿಎಯನ್ನು ಸರಿಯಾಗಿ ಓದಿ ನೋಡಬೇಕಾದ್ದು ಕೊಂಡವರ ಹೊಣೆ ಅಂತಲೂ ಹೇಳಿತು.

ಓದಿದ ಮೇಲೆ ಅಮೆರಿಕದ ಮಗನ ಜೊತೆ ನೀವೇ ವಿಡಿಯೊ ಕಾಲ್‌ನಲ್ಲಿ ಮಾತಾಡಿ. ಮನೆ ಮಾರುತ್ತಿರುವುದು ಗೊತ್ತಾ, ಬೆಲೆ ಗೊತ್ತಾ, ಜಿಪಿಎ ರದ್ದು ಮಾಡಿಲ್ಲ ತಾನೇ ಅಂತ ಕೇಳಿ. ಕ್ರಯಪತ್ರಕ್ಕೆ ಸಹಿ ಬೀಳುವ ದಿನ ಬೆಳಿಗ್ಗೆ ಇನ್ನೊಂದು ಸಲ ಮಾತಾಡಿ, ಯಾಕಂದರೆ ಅಧಿಕಾರ ಇರಬೇಕಾದ್ದು ಆ ದಿನಕ್ಕೆ. ದುಡ್ಡನ್ನು ಅಪ್ಪನ ಕೈಗಲ್ಲ, ಮಾಲೀಕನಾದ ಮಗನ ಖಾತೆಗೇ ಹಾಕಿ. ಮಾಲೀಕರ ಖಾತೆ ಬೇಡ, ನನ್ನ ಖಾತೆಗೇ ಹಾಕಿ ಅಂತ ಜಿಪಿಎ ಹೋಲ್ಡರ್ ಹಟ ಹಿಡಿದರೆ, ಅಲ್ಲಿ ಮಾರುತ್ತಿರುವವರು ನಿಜವಾಗಿ ಯಾರು ಅಂತ ಇನ್ನೊಮ್ಮೆ ಯೋಚಿಸಿ.

ಇನ್ನು ಈಗಾಗಲೇ ಹಳೇ ಜಿಪಿಎ ಇಟ್ಟುಕೊಂಡು, ಮನೆ ಕಟ್ಟಿಕೊಂಡು ಕೂತವರು. ಅವರು ಕೇಳುವ ಮೊದಲ ಪ್ರಶ್ನೆ, '12 ವರ್ಷಕ್ಕಿಂತ ಜಾಸ್ತಿ ಆಯ್ತಲ್ಲ, ನಮ್ಮದೇ ಆಗಲ್ವಾ?' ಅಷ್ಟು ಸುಲಭ ಅಲ್ಲ. ಕರಾರಿನ ಮೇಲೆ ಒಳಗೆ ಬಂದವರು ಮಾಲೀಕರ ಒಪ್ಪಿಗೆಯಿಂದ ಬಂದವರು. 12 ವರ್ಷದ ಲೆಕ್ಕ ಇರುವುದು ಎದುರಾಳಿ ಸ್ವಾಧೀನಕ್ಕೆ, ಅಂದರೆ ಮಾಲೀಕರ ಹಕ್ಕನ್ನೇ ಒಪ್ಪದೆ ಜಾಗ ಹಿಡಿದು ಕೂತದ್ದಕ್ಕೆ. ಒಪ್ಪಿಗೆಯ ಸ್ವಾಧೀನ ತಾನಾಗೇ ಎದುರಾಳಿ ಸ್ವಾಧೀನ ಆಗುವುದಿಲ್ಲ. ಕರಾರಿನಂತೆ ಸ್ವಾಧೀನ ಪಡೆದವರಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 53ಎ ಕಲಂನ ರಕ್ಷಣೆ ಒಂದಿದೆ. ಮಾಲೀಕರ ಕಡೆಯವರು ಎಬ್ಬಿಸಲು ಬಂದರೆ ತಡೆಯಲು ಅದು ಗುರಾಣಿ. ಮಾಲೀಕತ್ವ ಅದರಿಂದ ಬರುವುದಿಲ್ಲ. 2001ರ ಸೆಪ್ಟೆಂಬರ್ 24ರ ನಂತರದ ಕರಾರಾದರೆ, ಅದು ರಿಜಿಸ್ಟರ್ ಆಗಿರದಿದ್ದರೆ ಆ ಗುರಾಣಿಯೂ ಸಿಗದು.

ಹಾಗಾಗಿ ಎರಡನೇ ಪ್ರಶ್ನೆಯನ್ನು ಅವರಿಗೆ ನಾವೇ ಕೇಳಬೇಕು. ಜಿಪಿಎ ಬರೆದುಕೊಟ್ಟವರು ಇದ್ದಾರಾ? ಇದ್ದರೆ, ಮಾರಲು ಬೇರೆ ಅಡ್ಡಿ ಇಲ್ಲದಿದ್ದರೆ, ಅವರನ್ನೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಕ್ರಯಪತ್ರ ಮಾಡಿಸಿಕೊಳ್ಳುವುದು ಈ ವಾರದ ಕೆಲಸ, ಮುಂದಿನ ವರ್ಷದ್ದಲ್ಲ. ಶುಲ್ಕ ಇವತ್ತಿನ ಬೆಲೆಯ ಮೇಲೆ ಬೀಳುತ್ತದೆ, ಜೇಬಿಗೆ ಭಾರವೇ. ಅವರು ತೀರಿಕೊಂಡಿದ್ದರೆ ವಂಶವೃಕ್ಷ ತೆಗೆಸಿ ಪ್ರತಿಯೊಬ್ಬ ವಾರಸುದಾರರ ಸಹಿಯನ್ನೂ ಹಾಕಿಸಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳದ್ದೂ ಸೇರಿ. ಅವರಲ್ಲೊಬ್ಬರು 'ನಮ್ಮಪ್ಪ ಯಾವಾಗ ಮಾರಿದ್ದು? ಇಸಿಯಲ್ಲಿ ಎಲ್ಲಿದೆ?' ಅಂತ ಕೇಳಿದರೆ, ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.